ಹಣ್ಣಿನ ಬಗ್ಗೆ ಮಾತಾಡಿ, ಬೈದವರ ಬಗ್ಗೆ ಬೇಡ

(ವಿರಾಜಪೇಟೆಯಲ್ಲಿ ಹೊಸದಾಗಿ ವಿಡಿಯೋ ಮಾಡುತ್ತಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನ್ನ ತವರು ಪುತ್ತೂರು. ಮದುವೆಯಾಗಿ ಕೊಡಗಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಐದು ವರ್ಷದಿಂದ ಅಡುಗೆಯ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. ಮೊದಲೇ ನನ್ನ ತವರಿನ ಹೆಸರು ಹೇಳಿದ್ದಕ್ಕೆ ಕಾರಣ ಇದೆ. ಇವತ್ತು ನಾನು ಹೇಳುವ ಕಥೆಯಲ್ಲಿ ತಪ್ಪು ಹುಟ್ಟಿದ್ದೂ ಅಲ್ಲಿಂದಲೇ, ಬೈಗುಳ ಶುರುವಾಗಿದ್ದೂ ಅಲ್ಲಿಂದಲೇ.

ಒಂದು ಜುಲೈ ತಿಂಗಳಲ್ಲಿ ಪಂದಿ ಕರಿ ಮಾಡುವ ವಿಡಿಯೋ ಹಾಕಿದೆ. ಮಸಾಲೆ ಹುರಿಯುವುದು, ಮಾಂಸ ಬೇಯಿಸುವುದು ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಹುಳಿಗೆ ಅಂತ ಕಪ್ಪನೆಯ ಕಾಚಂಪುಳಿ ರಸ ಹಾಕುವಾಗ, ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ, ‘ಇದು ಪುನರ್ಪುಳಿ ಹಣ್ಣಿನಿಂದ ಮಾಡೋದು’ ಅಂತ ಹೇಳಿಬಿಟ್ಟೆ. ನಮ್ಮ ತವರಿನ ಕಡೆ ಪುನರ್ಪುಳಿ ಮನೆಮನೆಯಲ್ಲೂ ಇರುತ್ತೆ. ಇಲ್ಲಿ ಜನ ಪನಪುಳಿ ಅಂದಾಗಲೆಲ್ಲ ನನ್ನ ಕಿವಿ ಅದನ್ನು ಪುನರ್ಪುಳಿ ಅಂತಲೇ ಕೇಳಿಸಿಕೊಂಡಿತ್ತು. ಹೆಸರು ಹತ್ತಿರ, ಎರಡೂ ಹುಳಿ, ಎರಡೂ ಒಂದೇ ಗಾರ್ಸಿನಿಯಾ ಜಾತಿಗೆ ಸೇರಿದ ಮರಗಳು. ಆದರೆ ಹಣ್ಣು ಬೇರೆ. ಪುನರ್ಪುಳಿ ಕೆಂಪು, ಮೈ ನುಣುಪು. ಪನಪುಳಿ ಹಣ್ಣಾದಾಗ ಹಳದಿ, ಮೈಮೇಲೆ ಪುಟ್ಟ ಕುಂಬಳಕಾಯಿಯ ಹಾಗೆ ಗೆರೆಗಳು. ಮಲೆನಾಡಿನ ಕಡೆ ಇದನ್ನೇ ಉಪ್ಪಾಗೆ ಅಂತಾರೆ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಯಾರೋ ಆ ತುಣುಕನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಸಂಜೆ ಹೊತ್ತಿಗೆ ಕಾಮೆಂಟುಗಳು ಸುರಿಯತೊಡಗಿದವು. ಘಟ್ಟದ ಕೆಳಗಿನವಳು ಕೊಡಗಿನ ಅಡುಗೆ ಹೇಳಿಕೊಡೋಕೆ ಬಂದಿದ್ದಾಳೆ ಅಂತ ಒಬ್ಬರು. ನನ್ನ ಸೀರೆಯ ಬಗ್ಗೆ ಇನ್ನೊಬ್ಬರು. ಹಂದಿ ತಿನ್ನೋರೇ ಕೊಳಕು ಅಂತ ಮತ್ತೊಬ್ಬರು. ಅದಕ್ಕೆ ಸಿಟ್ಟಾಗಿ ಉತ್ತರ ಕೊಟ್ಟವರು ಹತ್ತು ಜನ.

ಈಗ ನಾನು ಮುಂದಿನ ವಿಡಿಯೋದಲ್ಲಿ ಏನು ಮಾಡಬೇಕು? ಇವತ್ತಿನ ಮಾತು ಇಷ್ಟೇ. ಬೇರೆ ವಿಷಯಕ್ಕೆ ಹೋಗುವುದಿಲ್ಲ.

ಇದಕ್ಕೆ ಒಂದು ವರ್ಷ ಮೊದಲು ನಾನು ಮಾಡಿದ್ದನ್ನು ಮೊದಲು ಹೇಳಬೇಕು. ಅದು ಹೇಳಲು ಕಷ್ಟದ ಮಾತು, ಆದರೂ ಹೇಳುತ್ತೇನೆ. ಆಗ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಕಡಂಬುಟ್ಟಿನ ವಿಡಿಯೋಗೆ ಕೆಲವರು ಕೆಟ್ಟದಾಗಿ ಬರೆದಿದ್ದರು. ನನಗೆ ಸಿಟ್ಟು ಬಂತು. ಅದೇ ರಾತ್ರಿ ಕೂತು ಹನ್ನೊಂದು ನಿಮಿಷದ ವಿಡಿಯೋ ಮಾಡಿದೆ. ಕಾಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದು, ಹೆಸರು ಸಮೇತ ತೋರಿಸಿ, ಒಂದೊಂದಕ್ಕೂ ಉತ್ತರ ಕೊಟ್ಟೆ. ‘ನನ್ನನ್ನು ಬೈದವರಿಗೆ ಇಲ್ಲಿದೆ ಉತ್ತರ’ ಅಂತ ಶೀರ್ಷಿಕೆ. ವೀಕ್ಷಣೆ ಚೆನ್ನಾಗಿಯೇ ಬಂತು. ಕಾಮೆಂಟು ಆರುನೂರು ದಾಟಿತು. ಆದರೆ ಅದರಲ್ಲಿ ಅಕ್ಕಿ ತರಿಯ ಬಗ್ಗೆ, ಹಬೆಯ ಬಗ್ಗೆ ಇದ್ದದ್ದು ಹತ್ತೂ ಇಲ್ಲ. ಮೊದಲ ವಿಡಿಯೋ ನೋಡದೇ ಇದ್ದವರೆಲ್ಲ ಜಗಳ ನೋಡೋಕೆ ಬಂದಿದ್ದರು.

ನಾಲ್ಕು ದಿನ ಕಳೆದ ಮೇಲೆ ಒಬ್ಬ ಹುಡುಗ ಮೆಸೇಜ್ ಮಾಡಿದ. ನಾನು ಹೆಸರು ತೋರಿಸಿದವರಲ್ಲಿ ಅವನೂ ಒಬ್ಬ. ಕಾಲೇಜು ಹುಡುಗ. ‘ಅಕ್ಕ, ನಾನು ಬರೆದದ್ದು ತಪ್ಪು. ಆದರೆ ನಿಮ್ಮ ಕಡೆಯವರು ನಮ್ಮ ಅಮ್ಮನ ಫೋಟೋ ಕೆಳಗೆ ಏನೇನೋ ಬರೀತಿದಾರೆ’ ಅಂತ. ನನಗೆ ಕೈಕಾಲು ತಣ್ಣಗಾಯಿತು. ನಾನು ಯಾರಿಗೂ ಹೋಗಿ ಬೈಯಿರಿ ಅಂತ ಹೇಳಿರಲಿಲ್ಲ. ಆದರೆ ಹೆಸರು ತೋರಿಸಿದ್ದು ನಾನೇ ಅಲ್ವಾ? ವಿಡಿಯೋ ತೆಗೆದೆ, ಅವನ ಹತ್ತಿರ ಕ್ಷಮೆ ಕೇಳಿದೆ. ಅಷ್ಟರಲ್ಲಿ ಬೇರೆಯವರು ಆ ತುಣುಕನ್ನು ಇಳಿಸಿಕೊಂಡು ತಮ್ಮ ಪುಟಗಳಲ್ಲಿ ಹಾಕಿಯಾಗಿತ್ತು. ಅದನ್ನು ನಾನು ತೆಗೆಯೋಕೆ ಆಗಲಿಲ್ಲ.

ಆದ್ದರಿಂದ ಕಾಚಂಪುಳಿಯ ಗಲಾಟೆ ಬಂದಾಗ ಮೊದಲು ಫೋನ್ ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಮಳೆಯೂ ಸಹಾಯ ಮಾಡಿತು. ಜುಲೈ ಅಂದ್ರೆ ನಿಮಗೆ ಗೊತ್ತಲ್ಲ, ಮರ ಬಿದ್ದು ನಮ್ಮ ಕಡೆ ಎರಡು ದಿನ ಕರೆಂಟ್ ಇರಲಿಲ್ಲ, ಟವರೂ ಸತ್ತಿತ್ತು. ಕರೆಂಟ್ ಬಂದು ನೋಡಿದರೆ, ಜಾಸ್ತಿ ಜನ ತಾವೇ ಜಗಳ ಆಡಿ ತಾವೇ ಸುಮ್ಮನಾಗಿದ್ದರು. ಅಂದಿನಿಂದ ನಾನಾಗಿಯೇ ಎರಡು ದಿನ ಕಾಯುತ್ತೇನೆ.

ಇದಕ್ಕೆ ಒಂದು ವಿನಾಯಿತಿ ಇದೆ. ತಪ್ಪು ಜನರ ಆರೋಗ್ಯಕ್ಕೆ ತೊಂದರೆ ಮಾಡುವಂಥದ್ದಾದರೆ ಒಂದು ಗಂಟೆಯೂ ಕಾಯಬೇಡಿ. ಮಳೆಗಾಲದಲ್ಲಿ ಕಾಡು ಅಣಬೆಯ ವಿಡಿಯೋ ಮಾಡುವವರು ಇಲ್ಲೂ ಇರಬಹುದು. ತಿನ್ನಬಾರದ ಅಣಬೆಯನ್ನು ತಿನ್ನುವ ಅಣಬೆ ಅಂತ ತೋರಿಸಿದ್ದೀರಿ ಅಂತ ಯಾರಾದರೂ ಹೇಳಿದರೆ, ಹೇಳಿದ ರೀತಿ ಎಷ್ಟೇ ಕೆಟ್ಟದಾಗಿರಲಿ, ಮೊದಲು ವಿಡಿಯೋವನ್ನು ಪ್ರೈವೇಟ್ ಮಾಡಿ. ಸರಿಯೋ ತಪ್ಪೋ ಆಮೇಲೆ ನೋಡಿದರಾಯಿತು.

ಕರೆಂಟ್ ಬಂದ ಮೇಲೆ ಒಂದು ನೋಟ್‌ಬುಕ್ ಹಿಡಿದು ಕೂತೆ. ಒಟ್ಟು ಮುನ್ನೂರ ನಲವತ್ತು ಕಾಮೆಂಟು ಇದ್ದವು. ಮೂರು ಕಾಲಂ ಹಾಕಿದೆ. ತಿದ್ದುವವರು, ಕೇಳುವವರು, ಕೆಣಕುವವರು. ಬರೀ ಹೊಗಳಿದ್ದನ್ನು, ಕೈಮುಗಿದ ಚಿತ್ರಗಳನ್ನು ಬಿಟ್ಟುಬಿಟ್ಟೆ.

ಇಲ್ಲಿ ಒಂದು ಕಷ್ಟ ಇದೆ. ತಿದ್ದುವವರು ಯಾವಾಗಲೂ ಮೆತ್ತಗೆ ಮಾತಾಡುವುದಿಲ್ಲ. ಒಂದು ಕಾಮೆಂಟು ಹೀಗಿತ್ತು: ‘ಬಾಯಿಗೆ ಬಂದಿದ್ದು ಹೇಳಬೇಡ. ಕಾಚಂಪುಳಿ ಪುನರ್ಪುಳಿಯಿಂದ ಮಾಡಲ್ಲ. ಕೊಡಗಿನ ಮಾನ ತೆಗೆಯೋಕೆ ಬಂದಿದೀಯಾ?’ ಮೊದಲ ಸಲ ಓದಿದಾಗ ಕೆಣಕುವವರ ಕಾಲಂಗೇ ಹಾಕಿದ್ದೆ. ಆಮೇಲೆ ಪೆನ್ಸಿಲ್ ತಗೊಂಡು ಬೈಗುಳ ಇರುವ ಮಾತುಗಳನ್ನೆಲ್ಲ ಹೊಡೆದು ಹಾಕಿದೆ. ಮೊದಲ ವಾಕ್ಯ ಹೋಯಿತು, ಕೊನೆಯದು ಹೋಯಿತು. ನಡುವಿನದು ಉಳಿಯಿತು: ‘ಕಾಚಂಪುಳಿ ಪುನರ್ಪುಳಿಯಿಂದ ಮಾಡಲ್ಲ.’ ಇದು ಹೌದೋ ಅಲ್ಲವೋ ಅಂತ ಯಾರನ್ನಾದರೂ ಕೇಳಿ ತಿಳಿಯಬಹುದಾದ ಮಾತು. ಹಾಗಾಗಿ ಅವರು ತಿದ್ದುವವರು. ಸೀರೆಯ ಬಗ್ಗೆ ಬರೆದವರ ಮಾತಿನಲ್ಲಿ ಬೈಗುಳ ಹೊಡೆದು ಹಾಕಿದರೆ ಏನೂ ಉಳಿಯಲಿಲ್ಲ. ಈ ಪೆನ್ಸಿಲ್ ಕೆಲಸವನ್ನು ಮನಸ್ಸಿನಲ್ಲೇ ಮಾಡಬೇಡಿ, ಕಾಗದದ ಮೇಲೆ ಮಾಡಿ. ಸಿಟ್ಟು ಇರುವಾಗ ಮನಸ್ಸು ಬೈಗುಳವನ್ನು ಮಾತ್ರ ಓದುತ್ತೆ.

ಪಕ್ಕದ ಮನೆಯ ಅಕ್ಕನ ಹತ್ತಿರ ಹೋದೆ. ಅವರ ಮನೆಯಲ್ಲಿ ಪ್ರತಿ ವರ್ಷ ಕಾಚಂಪುಳಿ ಮಾಡುತ್ತಾರೆ. ವಿಷಯ ಹೇಳಿದೆ. ‘ಅಯ್ಯೋ, ಅದು ಪನಪುಳಿ ಅಲ್ವಾ? ನನ್ನ ಕೇಳಿದ್ರೆ ಹೇಳ್ತಿದ್ದೆ’ ಅಂದರು. ತಪ್ಪು ನನ್ನದೇ ಅಂತ ಖಾತ್ರಿಯಾಯಿತು.

ಎಣಿಸಿ ಮುಗಿಸಿದಾಗ ಲೆಕ್ಕ ಹೀಗೆ ಬಂತು. ತಿದ್ದಿದವರು ಹನ್ನೊಂದು ಜನ, ಹನ್ನೊಂದೂ ಜನ ಹೇಳಿದ್ದು ಒಂದೇ ತಪ್ಪು. ಕೇಳಿದವರು ಮೂವತ್ತರ ಹತ್ತಿರ, ಪ್ರಶ್ನೆ ಮಾತ್ರ ಎರಡೇ: ಕಾಚಂಪುಳಿ ಸಿಗದಿದ್ದರೆ ಏನು ಹಾಕಬೇಕು, ಮತ್ತೆ ಎಷ್ಟು ಹಾಕಬೇಕು. ಕೆಣಕಿದ ಕಾಮೆಂಟು ಅರವತ್ತು. ಆದರೆ ಖಾತೆಗಳ ಹೆಸರು ನೋಡುತ್ತಾ ಹೋದರೆ, ಆ ಅರವತ್ತನ್ನೂ ಬರೆದವರು ಹದಿನಾಲ್ಕೇ ಜನ. ಊರಿಗೆ ಊರೇ ನನ್ನ ಮೇಲೆ ಬಿದ್ದಿದೆ ಅಂತ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಹದಿನಾಲ್ಕು ಜನ ಅಂತ ಗೊತ್ತಾದ ಮೇಲೆ ನನ್ನ ದನಿಯೇ ಬದಲಾಯಿತು. ಆ ದನಿ ಬರುವವರೆಗೂ ಕ್ಯಾಮೆರಾ ಮುಂದೆ ಕೂರಬಾರದು.

ಹೊಸ ವಿಡಿಯೋ ಮಾಡುವ ಮೊದಲು ಹಳೆಯದನ್ನು ತಿದ್ದಬೇಕು. ಯೂಟ್ಯೂಬಿನಲ್ಲಿ ಅದೇ ಲಿಂಕಿನಲ್ಲಿ ವಿಡಿಯೋ ಫೈಲ್ ಬದಲಾಯಿಸೋಕೆ ಆಗಲ್ಲ. ಅಳಿಸಿ ಹೊಸದಾಗಿ ಹಾಕಿದರೆ, ಮುಚ್ಚಿಹಾಕಿದರು ಅನ್ನುವ ಮಾತು ಬರುತ್ತೆ, ಒಳ್ಳೆಯ ಕಾಮೆಂಟೂ ಹೋಗುತ್ತೆ. ಅದರ ಬದಲು ವಿವರಣೆಯಲ್ಲಿ ಹೀಗೆ ಬರೆಯಬಹುದು:

```
Correction:
4:12 ಕಾಚಂಪುಳಿ ಮಾಡುವುದು ಪನಪುಳಿಯಿಂದ, ಪುನರ್ಪುಳಿಯಿಂದ ಅಲ್ಲ.
```

ಮೊದಲ ಸಾಲಿನ ಆ ಪದ ಇಂಗ್ಲಿಷಿನಲ್ಲೇ ಇರಬೇಕು. ಸಮಯ ಮತ್ತು ವಿವರ ಅದರ ಕೆಳಗಿನ ಸಾಲಿನಲ್ಲಿ ಬರಬೇಕು. ಹೀಗೆ ಬರೆದರೆ ಆ ಜಾಗ ಬಂದಾಗ ವಿಡಿಯೋದ ಮೇಲಿನ ಮೂಲೆಯಲ್ಲಿ, ತಿದ್ದುಪಡಿ ಇದೆ ಅಂತ ನೋಡುವವರಿಗೆ ಕಾಣುತ್ತೆ. ಎಲ್ಲರೂ ಅದನ್ನು ಒತ್ತಿ ಓದುವುದಿಲ್ಲ. ಹಾಗಾಗಿ ಅದೇ ಮಾತನ್ನು ಕಾಮೆಂಟಾಗಿಯೂ ಬರೆದು ಮೇಲೆ ಪಿನ್ ಮಾಡಿದೆ. ಆಮೇಲೆ ಸಿಟ್ಟಿನಿಂದ ತಿದ್ದಿದ ಆ ವ್ಯಕ್ತಿಗೆ ಒಂದೇ ಉತ್ತರ: ‘ನೀವು ಹೇಳಿದ್ದು ಸರಿ. ವಿವರಣೆಯಲ್ಲಿ ತಿದ್ದಿದ್ದೇನೆ.’ ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು ಅಂತ ಸೇರಿಸಬೇಕು ಅನ್ನಿಸಿತ್ತು. ಸೇರಿಸಲಿಲ್ಲ. ಆ ಒಂದು ಸಾಲು ಸೇರಿದ್ದರೆ ಮಾತು ಹಣ್ಣನ್ನು ಬಿಟ್ಟು ಮರ್ಯಾದೆಗೆ ಹೋಗುತ್ತಿತ್ತು.

ಈಗ ಹೊಸ ವಿಡಿಯೋ. ಇದರ ಮೊದಲ ಮೂರು ವಾಕ್ಯಕ್ಕೆ ನಾನು ಒಂದು ಇಡೀ ಸಂಜೆ ಕೊಟ್ಟೆ. ಮೊದಲು ಬರೆದದ್ದು ಹೀಗಿತ್ತು: ‘ಹೋದ ವಿಡಿಯೋದಲ್ಲಿ ಒಂದು ಸಣ್ಣ ತಪ್ಪಾಗಿತ್ತು. ಕೆಲವರು ಅದನ್ನು ದೊಡ್ಡದು ಮಾಡಿದರು. ಆದರೂ ತಿದ್ದಿಕೊಳ್ಳೋದು ನನ್ನ ಧರ್ಮ.’ ಕೇಳೋಕೆ ಚೆನ್ನಾಗಿದೆ. ಆದರೆ ಮೂರು ವಾಕ್ಯದಲ್ಲಿ ಮೂರು ಗಾಳ ಇದೆ. ‘ಸಣ್ಣ’ ಅಂದರೆ, ಸಣ್ಣದಲ್ಲ ಅಂತ ಹೇಳೋಕೆ ಜನ ಬರ್ತಾರೆ. ‘ಕೆಲವರು’ ಅಂದರೆ ಆ ಹದಿನಾಲ್ಕು ಜನಕ್ಕೂ ಆಮಂತ್ರಣ ಕಳಿಸಿದ ಹಾಗೆ. ಅಷ್ಟೇ ಅಲ್ಲ, ತಿದ್ದಿದ ಹನ್ನೊಂದು ಜನಕ್ಕೂ ಅದು ತಮಗೇ ಹೇಳಿದ್ದು ಅನ್ನಿಸುತ್ತೆ. ‘ಆದರೂ’ ಅಂದರೆ ಒಪ್ಪಿಕೊಂಡದ್ದನ್ನು ಅರ್ಧ ವಾಪಸ್ ತಗೊಂಡ ಹಾಗೆ.

ಕೊನೆಗೆ ಉಳಿದದ್ದು ಇದು: ‘ಹೋದ ವಿಡಿಯೋದಲ್ಲಿ ಕಾಚಂಪುಳಿ ಪುನರ್ಪುಳಿಯಿಂದ ಮಾಡೋದು ಅಂತ ಹೇಳಿದ್ದೆ. ಅದು ತಪ್ಪು, ಮಾಡೋದು ಪನಪುಳಿಯಿಂದ. ತಿದ್ದಿದವರಿಗೆ ಥ್ಯಾಂಕ್ಸ್, ಬನ್ನಿ ಆ ಹಣ್ಣನ್ನೇ ನೋಡೋಣ.’ ಹದಿನೈದು ಸೆಕೆಂಡ್. ಇಲ್ಲಿಂದ ಮುಂದೆ ಇಡೀ ವಿಡಿಯೋದಲ್ಲಿ ಬೈದವರ ಸುದ್ದಿ ಇಲ್ಲ. ಮುಖ ಸಪ್ಪೆ ಮಾಡಿಕೊಂಡು ಕೂರುವುದೂ ಇಲ್ಲ. ಬಾಯಲ್ಲಿ ಹೇಳದಿದ್ದರೂ ಮುಖದಲ್ಲಿ ಹೇಳಿದರೆ ನೋಡುವವರು, ಅಕ್ಕನಿಗೆ ಯಾರೋ ಏನೋ ಅಂದಿದಾರೆ ಅಂತ ಹುಡುಕೋಕೆ ಶುರು ಮಾಡ್ತಾರೆ.

ಉಳಿದ ಐದು ನಿಮಿಷ ಪಕ್ಕದ ಮನೆಯ ಅಕ್ಕನ ಹಿತ್ತಲಲ್ಲಿ. ಮಳೆಗೆ ಉದುರಿದ ಪನಪುಳಿ ಹಣ್ಣು ಆರಿಸುತ್ತಿದ್ದರು. ಅದನ್ನು ಬಿದಿರಿನ ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕೊಳೆತು ಮೆತ್ತಗಾಗುತ್ತಾ ರಸ ತೊಟ್ಟಿಕ್ಕುತ್ತೆ. ಇದಕ್ಕೆ ದಿನಗಳೇ ಬೇಕು. ಆ ರಸವನ್ನು ಒಲೆಯ ಮೇಲೆ ಬತ್ತಿಸುತ್ತಾ ಹೋದರೆ ಕಪ್ಪಾಗಿ, ಮಂದವಾಗಿ ಕಾಚಂಪುಳಿ ಆಗುತ್ತೆ. ಪುತ್ತೂರಿನಿಂದ ತರಿಸಿದ್ದ ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಪಕ್ಕದಲ್ಲಿಟ್ಟು ಎರಡನ್ನೂ ತೋರಿಸಿದೆ. ಆ ಎರಡು ಪ್ರಶ್ನೆಗೂ ಅಲ್ಲೇ ಉತ್ತರ ಬಂತು. ಒಂದು ಕಿಲೋ ಮಾಂಸಕ್ಕೆ ಎರಡು ಚಮಚದಿಂದ ಶುರು ಮಾಡಿ, ರುಚಿ ನೋಡಿ, ಕೊನೆಗೆ ಹಾಕಿ. ಸಿಗದಿದ್ದರೆ ಹುಣಸೆ ಹಾಕಬಹುದು, ಆದರೆ ಆ ಬಣ್ಣ, ಆ ರುಚಿ ಬರಲ್ಲ.

ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಬರೀ ಕ್ಷಮೆ ಕೇಳುವ ವಿಡಿಯೋದಲ್ಲಿ ನೋಡುವವರಿಗೆ ಮಾತಾಡೋಕೆ ನೀವು ಒಬ್ಬರೇ ಸಿಗ್ತೀರಿ. ಅವರು ನಿಮ್ಮ ಬಗ್ಗೆಯೇ ಬರೀತಾರೆ. ಹಣ್ಣು, ಬುಟ್ಟಿ, ಒಲೆ ಕೊಟ್ಟರೆ ಅದರ ಬಗ್ಗೆ ಬರೀತಾರೆ. ಶೀರ್ಷಿಕೆ ‘ಪನಪುಳಿ ಹಣ್ಣಿನಿಂದ ಕಾಚಂಪುಳಿ’, ಹೊರಗಿನ ಚಿತ್ರ ಬುಟ್ಟಿಯದು. ನನ್ನ ಮುಖ ಇಲ್ಲ. ಕೊನೆಗೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂತಲೂ ಹೇಳಲಿಲ್ಲ. ಹಾಗೆ ಹೇಳಿದರೆ ಜನ ನನ್ನ ಬಗ್ಗೆಯೇ ಅಭಿಪ್ರಾಯ ಹೇಳುತ್ತಾರೆ. ‘ನಿಮ್ಮ ಮನೆಯಲ್ಲಿರುವ ಕಾಚಂಪುಳಿ ಎಷ್ಟು ವರ್ಷದ್ದು?’ ಅಂತ ಕೇಳಿದೆ. ಈ ಪ್ರಶ್ನೆಗೆ ಜಗಳ ಆಡುವುದು ಕಷ್ಟ. ಅಜ್ಜಿ ಕಟ್ಟಿಟ್ಟ ಬಾಟಲಿ, ತವರಿನಿಂದ ತಂದ ಬಾಟಲಿ ಅಂತ ಜನ ನೆನಪು ಬರೆದರು.

ಹಂದಿ ತಿನ್ನಬೇಕೋ ಬೇಡವೋ ಅನ್ನುವ ಜಗಳಕ್ಕೆ ವಿಡಿಯೋದಲ್ಲಿ ಒಂದು ಪದವೂ ಕೊಡಲಿಲ್ಲ. ನಾನು ಐದು ನಿಮಿಷದಲ್ಲಿ ತೀರಿಸುವ ಮಾತಲ್ಲ ಅದು. ಮುಟ್ಟಿದರೆ ಎರಡೂ ಕಡೆಯವರು ನನ್ನ ಅಂಗಳಕ್ಕೇ ಬಂದು ಹೊಡೆದಾಡುತ್ತಾರೆ.

ವಿಡಿಯೋ ಹಾಕುವ ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಎರಡು ಕೆಲಸ ಮಾಡಿದೆ. ಹದಿನಾಲ್ಕರಲ್ಲಿ ಒಂಬತ್ತು ಖಾತೆಗಳನ್ನು Hide user from channel ಅಂತ ಒತ್ತಿ ಮರೆ ಮಾಡಿದೆ. ಅವರಿಗೆ ಅದರ ಸೂಚನೆ ಹೋಗುವುದಿಲ್ಲ. ಅವರು ಬರೆಯುತ್ತಲೇ ಇರಬಹುದು, ಬೇರೆಯವರಿಗೆ ಕಾಣುವುದಿಲ್ಲ. ಉತ್ತರ ಬರದೇ ಹೋದಾಗ ತಾವಾಗಿಯೇ ಬಿಡುತ್ತಾರೆ. ಉಳಿದ ಐದು ಜನ ಒಂದೊಂದೇ ಸಲ ಬರೆದಿದ್ದರು, ಅವರನ್ನು ಹಾಗೇ ಬಿಟ್ಟೆ. ನನ್ನ ಅಡುಗೆ ಇಷ್ಟ ಇಲ್ಲ ಅಂದವರ ಕಾಮೆಂಟನ್ನೂ ಮುಟ್ಟಲಿಲ್ಲ. ಇಷ್ಟ ಇಲ್ಲ ಅನ್ನೋದು ಟ್ರೋಲ್ ಅಲ್ಲ. ಅದನ್ನೂ ಅಳಿಸಿದರೆ ಜನಕ್ಕೆ ಗೊತ್ತಾಗುತ್ತೆ, ಆಮೇಲೆ ನಿಜವಾದ ತಿದ್ದುಪಡಿಯೂ ಬರುವುದು ನಿಲ್ಲುತ್ತೆ.

ಎರಡನೆಯದು Blocked words. ಅಲ್ಲಿ ಹಾಕಿದ ಪದ ಇರುವ ಕಾಮೆಂಟು ನೀವು ನೋಡಿ ಒಪ್ಪುವವರೆಗೆ ತಡೆದು ನಿಲ್ಲುತ್ತೆ. ನಾನು ಇಲ್ಲೊಂದು ಎಡವಟ್ಟು ಮಾಡಿದೆ. ಸಿಟ್ಟಿನಲ್ಲಿ ‘ಹಂದಿ’ ಅನ್ನುವ ಪದವನ್ನೂ ಸೇರಿಸಿದ್ದೆ. ಪಂದಿ ಕರಿಯ ಚಾನೆಲಿನಲ್ಲಿ ಆ ಪದ ಇಲ್ಲದೆ ಪ್ರಶ್ನೆ ಕೇಳುವುದು ಹೇಗೆ? ಒಂದು ವಾರ ಒಳ್ಳೆಯ ಪ್ರಶ್ನೆಗಳೆಲ್ಲ ಸಿಕ್ಕಿಹಾಕಿಕೊಂಡಿದ್ದವು. ಬೈಗುಳವಾಗಿ ಮಾತ್ರ ಬಳಸುವ ಪದಗಳನ್ನು ಹಾಕಿ. ಕನ್ನಡ ಅಕ್ಷರದಲ್ಲೂ ಹಾಕಿ, ಜನ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಎರಡು ಮೂರು ರೀತಿಯಲ್ಲೂ ಹಾಕಿ. ತಡೆದ ಕಾಮೆಂಟುಗಳನ್ನು ವಾರಕ್ಕೊಮ್ಮೆ ನೋಡಿ. ಅವು ಅಲ್ಲಿ 60 ದಿನದವರೆಗೆ ಮಾತ್ರ ಇರುತ್ತವೆ.

ಕೆಲಸ ಆಯಿತೋ ಇಲ್ಲವೋ ಅಂತ ತಿಳಿಯೋಕೆ ನಾನು ವೀಕ್ಷಣೆ ನೋಡುವುದಿಲ್ಲ. ಜಗಳದ ವಿಡಿಯೋಗೂ ವೀಕ್ಷಣೆ ಬಂದಿತ್ತಲ್ಲ. ಮೊದಲ ಐವತ್ತು ಕಾಮೆಂಟು ಓದಿ, ಎಷ್ಟು ಅಡುಗೆಯ ಬಗ್ಗೆ, ಎಷ್ಟು ಮನುಷ್ಯರ ಬಗ್ಗೆ ಅಂತ ಎಣಿಸುತ್ತೇನೆ. ಕಡಂಬುಟ್ಟಿನ ಜಗಳದಲ್ಲಿ ಐವತ್ತರಲ್ಲಿ ಎರಡು ಮಾತ್ರ ಅಡುಗೆಯ ಬಗ್ಗೆ ಇದ್ದವು. ಪನಪುಳಿಯ ವಿಡಿಯೋದಲ್ಲಿ ನಲವತ್ತೊಂದು. ‘ಬೈದ ಮೇಲೆ ಬುದ್ಧಿ ಬಂತಾ’ ಅಂತ ಬರೆದವರು ನಾಲ್ಕು ಜನ ಇದ್ದರು. ಬಿಟ್ಟೆ. ಒಂದು ತಪ್ಪಿಗೆ ಒಂದೇ ವಿಡಿಯೋ, ಅದರ ಮೇಲೆ ಬಂದ ಮಾತಿಗೆ ಇನ್ನೊಂದು ಮಾಡುವುದಿಲ್ಲ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಹೋಂಸ್ಟೇ ನಡೆಸುವ ಒಬ್ಬರು ಕೇಳಿದ್ದು: ‘ನಾವು ಹೇಳದೇ ಇದ್ದದ್ದನ್ನು ಹೇಳಿದ್ದೇವೆ ಅಂತ ಸುಳ್ಳು ಹಬ್ಬಿಸಿದರೆ ಸುಮ್ನೆ ಇರಬೇಕಾ ಮೇಡಂ?’ ಇರಬಾರದು. ಆದರೆ ಸುಳ್ಳನ್ನು ನಿಮ್ಮ ಬಾಯಿಂದ ಮತ್ತೆ ಹೇಳಬೇಡಿ. ನಿಮ್ಮ ಕಾಫಿ ಪುಡಿಯಲ್ಲಿ ಚಿಕೋರಿ ಇದೆ ಅಂತ ಯಾರೋ ಹಬ್ಬಿಸಿದ್ದಾರೆ ಅಂದುಕೊಳ್ಳಿ. ‘ನಮ್ಮ ಪುಡಿಯಲ್ಲಿ ಚಿಕೋರಿ ಇಲ್ಲ’ ಅಂತ ಶೀರ್ಷಿಕೆ ಕೊಟ್ಟರೆ, ಸುದ್ದಿ ಗೊತ್ತಿಲ್ಲದವರಿಗೂ ಅನುಮಾನ ಬರುತ್ತೆ. ಬೀಜ ಹುರಿಯುವುದರಿಂದ ಪ್ಯಾಕೆಟ್ ಕಟ್ಟುವವರೆಗೆ, ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೋರಿಸಿ. ಸುದ್ದಿ ಕೇಳಿದವರಿಗೆ ಉತ್ತರ ಸಿಗುತ್ತೆ, ಕೇಳದವರಿಗೆ ಕಾಫಿ ಪುಡಿ ಮಾಡುವುದು ಕಾಣುತ್ತೆ.

ಇನ್ನೊಂದು ಪ್ರಶ್ನೆ ಒಬ್ಬ ಹುಡುಗಿಯದು. ಎಲ್ಲರೂ ಹೊರಟ ಮೇಲೆ ಹತ್ತಿರ ಬಂದು, ಮೆಲ್ಲಗೆ ಕೇಳಿದಳು. ಒಬ್ಬ ದಿನಾ ಮೆಸೇಜ್ ಮಾಡಿ, ಮನೆ ಎಲ್ಲಿದೆ ಅಂತ ಗೊತ್ತು, ಬರ್ತೀನಿ ಅಂತಾನಂತೆ. ಅವಳು ಅದನ್ನೂ ಟ್ರೋಲ್ ಅಂದುಕೊಂಡು ಸಹಿಸಿಕೊಂಡಿದ್ದಳು. ಅದು ಟ್ರೋಲ್ ಅಲ್ಲ, ಬೆದರಿಕೆ. ಅದಕ್ಕೆ ನಾನು ಇಲ್ಲಿಯವರೆಗೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ವಿಡಿಯೋ ಮಾಡಬೇಡ, ಉತ್ತರವನ್ನೂ ಕೊಡಬೇಡ ಅಂದೆ. ಆದರೆ ಅಳಿಸಲೂ ಬೇಡ. ದಿನಾಂಕ, ಖಾತೆಯ ಹೆಸರು, ಅವನ ಪುಟದ ಲಿಂಕ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡು, ಆಮೇಲೆ ಬ್ಲಾಕ್ ಮಾಡು. ಮನೆಯಲ್ಲಿ ಇವತ್ತೇ ಹೇಳು. ಠಾಣೆಗೆ ಹೋಗಿ ದೂರು ಕೊಡಬಹುದು, cybercrime.gov.in ನಲ್ಲೂ ಕೊಡಬಹುದು. ಬಾಗಿಲ ಹತ್ತಿರ ಬಂದರೆ 112. ಅವಳ ಫೋನ್ ತಗೊಂಡು, ಅಲ್ಲೇ ನಿಂತು, ಇಬ್ಬರೂ ಸೇರಿ ಇಪ್ಪತ್ತಮೂರು ಸ್ಕ್ರೀನ್‌ಶಾಟ್ ತೆಗೆದೆವು. ಆಮೇಲೆ ಅವಳ ಅಣ್ಣನಿಗೆ ಫೋನ್ ಮಾಡಿ, ಅವನು ಬೈಕ್‌ನಲ್ಲಿ ಬರುವವರೆಗೂ ಜೊತೆಯಲ್ಲೇ ಇದ್ದೆ.